256ನೇ ಲೆವೆಲ್‌ನಲ್ಲಿ ಪ್ಯಾಕ್-ಮ್ಯಾನ್ ಯಾಕೆ ಅರ್ಧಕ್ಕೆ ಒಡೆಯುತ್ತೆ?

ಇವತ್ತು ಒಂದು ಸ್ಕೋರ್‌ನಿಂದ ಶುರು ಮಾಡ್ತೀನಿ: 61,31,940. 1982ರಲ್ಲಿ ಅಮೆರಿಕದ ಎಂಟು ವರ್ಷದ ಹುಡುಗನೊಬ್ಬ ಪ್ಯಾಕ್-ಮ್ಯಾನ್ ಆಟದಲ್ಲಿ ಇಷ್ಟು ಪಾಯಿಂಟ್ ಗಳಿಸಿದ ಅಂತ ಸುದ್ದಿಯಾಯ್ತು. ಆಗಿನ ಅಧ್ಯಕ್ಷ ರೇಗನ್ ಅವರಿಂದ ಅಭಿನಂದನೆಯ ಪತ್ರವೂ ಬಂತು. ಆದರೆ ಒಳ್ಳೊಳ್ಳೆ ಆಟಗಾರರಿಗೆ ಅದನ್ನು ನಂಬೋಕೆ ಆಗಲಿಲ್ಲ. ಅಷ್ಟು ಪಾಯಿಂಟ್ ಬೇಕಾದರೆ 256ನೇ ಲೆವೆಲ್ ದಾಟಲೇಬೇಕು, ಅದನ್ನು ದಾಟೋಕೆ ಅವರ್ಯಾರಿಂದಲೂ ಆಗಿರಲಿಲ್ಲ. ಹಾಗಾದರೆ ಆ ಲೆವೆಲ್ ದಾಟೋಕೆ ನಿಜವಾಗಲೂ ಸಾಧ್ಯ ಇದೆಯಾ? ಇದನ್ನು ವಾದ ಮಾಡದೇ, ಬರೀ ಲೆಕ್ಕ ಹಾಕಿ ತೀರ್ಮಾನ ಮಾಡಬಹುದು.

ಮೊದಲು ಅಲ್ಲಿ ಏನು ಕಾಣುತ್ತೆ ಅಂತ ಹೇಳ್ತೀನಿ. 255 ಲೆವೆಲ್ ಮುಗಿಸಿದ್ದೀರಿ, ಮುಂದಿನದು ಬಂತು. ಸ್ಕ್ರೀನಿನ ಎಡಭಾಗ ಸರಿಯಾಗೇ ಇದೆ. ಬಲಭಾಗದಲ್ಲಿ ಮಾತ್ರ ಗೋಡೆನೂ ಇಲ್ಲ, ದಾರಿನೂ ಇಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಹಣ್ಣಿನ ಚೂರು, ಬಣ್ಣಬಣ್ಣದ ಚೌಕಗಳು ಎರಚಿದ ಹಾಗೆ ಬಿದ್ದಿವೆ. ಆಟ ಮಾತ್ರ ನಿಂತಿಲ್ಲ. ಭೂತಗಳು ಓಡಾಡ್ತಾ ಇವೆ, ಜಾಯ್‌ಸ್ಟಿಕ್ ಅಲ್ಲಾಡಿಸಿದರೆ ಪ್ಯಾಕ್-ಮ್ಯಾನ್ ತಿರುಗುತ್ತೆ. ಇದನ್ನೇ ಕಿಲ್ ಸ್ಕ್ರೀನ್ ಅನ್ನೋದು. ಕಂಪನಿಯವರೇ ಬೇಕಂತ ಹಾಕಿದ ಬೀಗ ಇದು ಅಂತ ಕೆಲವರು ಹೇಳ್ತಾರೆ. ಅಲ್ಲ. ತಪ್ಪು ಇರೋದು ಹಣ್ಣು ಬಿಡಿಸೋ ಜಾಗದಲ್ಲಿ.

ಜಪಾನಿನ ನಾಮ್ಕೋ ಕಂಪನಿ 1980ರಲ್ಲಿ ಈ ಆಟ ಬಿಟ್ಟಾಗ ಮೆಮೊರಿ ದುಬಾರಿ ಸಾಮಾನು. ಅದಕ್ಕೇ ಲೆವೆಲ್ ಎಷ್ಟನೆಯದು ಅನ್ನೋದನ್ನು ಒಂದೇ ಒಂದು ಬೈಟ್‌ನಲ್ಲಿ ಇಟ್ಟಿದ್ದಾರೆ. ಒಂದು ಬೈಟ್ ಅಂದ್ರೆ ಎಂಟು ಬಿಟ್. ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಬಹುದು. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ನೋಡಿದ್ದೀರಲ್ಲ, 99999 ಆದಮೇಲೆ ಎಲ್ಲಾ ಸೊನ್ನೆಯಾಗಿ ಮೊದಲಿಂದ ಶುರುವಾಗುತ್ತೆ. ಹಾಗೇ 255ಕ್ಕೆ ಒಂದು ಸೇರಿಸಿದರೆ ಬೈಟ್ ಸೊನ್ನೆಗೆ ತಿರುಗುತ್ತೆ. ಇದಕ್ಕೆ ಓವರ್‌ಫ್ಲೋ ಅಂತಾರೆ.

ಇಲ್ಲಿ ಸ್ವಲ್ಪ ಗಮನ ಕೊಡಿ. ಆಟ ಒಳಗಡೆ ಸೊನ್ನೆಯಿಂದ ಎಣಿಸುತ್ತೆ. ನಾವು ಒಂದನೇ ಲೆವೆಲ್ ಅನ್ನೋದು ಅದಕ್ಕೆ 0, ನಮ್ಮ 256ನೇದು ಅದಕ್ಕೆ 255. ಅಂದ್ರೆ ಲೆವೆಲ್ ಎಣಿಸೋ ಬೈಟ್ ತುಂಬಿದೆ ಅಷ್ಟೇ, ಇನ್ನೂ ತಿರುಗಿಲ್ಲ. ಹಾಗಾದ್ರೆ ಎಡವಿದ್ದೆಲ್ಲಿ?

ಸ್ಕ್ರೀನಿನ ಕೆಳಗೆ ಬಲಗಡೆ ಸಾಲಾಗಿ ಹಣ್ಣುಗಳು ಕಾಣ್ತವೆ. ಮೊದಲ ಲೆವೆಲ್‌ನಲ್ಲಿ ಒಂದು ಚೆರಿ, ಎರಡನೇದರಲ್ಲಿ ಅದರ ಜೊತೆಗೆ ಸ್ಟ್ರಾಬೆರಿ, ಹೀಗೆ ಏಳರವರೆಗೆ. ಪ್ರತಿ ಲೆವೆಲ್ ಶುರುವಿನಲ್ಲೂ ಒಂದು ಪುಟ್ಟ ಕೋಡ್ ಈ ಸಾಲನ್ನು ಬಿಡಿಸುತ್ತೆ. ಅದು ಲೆವೆಲ್ ನಂಬರ್ ತಗೊಂಡು ಒಂದು ಸೇರಿಸುತ್ತೆ, ಬಂದದ್ದು ಎಂಟಕ್ಕಿಂತ ಕಡಿಮೆ ಇದೆಯಾ ಅಂತ ನೋಡುತ್ತೆ. ಕಡಿಮೆ ಇದ್ದರೆ ಅಷ್ಟು ಹಣ್ಣು ಬಿಡಿಸುತ್ತೆ. ಎಂಟು ಅಥವಾ ಜಾಸ್ತಿ ಇದ್ದರೆ ಬೇರೆ ದಾರಿ ಹಿಡಿದು ಕೊನೆಯ ಏಳು ಹಣ್ಣು ಮಾತ್ರ ತೋರಿಸುತ್ತೆ. 8ರಿಂದ 255ನೇ ಲೆವೆಲ್‌ವರೆಗೂ ಆಗೋದು ಈ ಎರಡನೇ ದಾರಿಯೇ, ಯಾವ ತೊಂದರೆಯೂ ಇಲ್ಲ.

256ನೇ ಲೆವೆಲ್‌ಗೆ ಬಂದಾಗ 255ಕ್ಕೆ ಒಂದು ಸೇರಿಸಿದರು, ಸೊನ್ನೆ ಆಯ್ತು. ಸೊನ್ನೆ ಎಂಟಕ್ಕಿಂತ ಕಡಿಮೆ ತಾನೇ? ಸರಿ, ಮೊದಲನೇ ದಾರಿ. ಸೊನ್ನೆ ಹಣ್ಣು ಬಿಡಿಸು ಅಂದ್ರೆ ಸುಮ್ಮನಿರಬೇಕಿತ್ತು. ಆದರೆ ಈ ಕೋಡ್ ಮೊದಲು ಒಂದು ಹಣ್ಣು ಬಿಡಿಸಿಬಿಡುತ್ತೆ, ಆಮೇಲೆ ಎಣಿಕೆಯಲ್ಲಿ ಒಂದು ಕಳೆಯುತ್ತೆ, ಆಮೇಲೆ ಸೊನ್ನೆ ಆಯ್ತಾ ಅಂತ ಕೇಳುತ್ತೆ. ಸೊನ್ನೆಯಲ್ಲಿ ಒಂದು ಕಳೆದರೆ ಬೈಟ್ ಹಿಂದಕ್ಕೆ ತಿರುಗಿ 255 ಆಗುತ್ತೆ. ಸೊನ್ನೆ ಅಲ್ಲವಲ್ಲ, ಇನ್ನೊಂದು ಬಿಡಿಸು. ಹೀಗೆ ಒಟ್ಟು 256 ಹಣ್ಣು. ಬಿಡಿಸೋ ಮೊದಲೇ ಸೊನ್ನೆಯಾ ಅಂತ ಕೇಳಿದ್ದರೆ ಈ ಎಪಿಸೋಡೇ ಇರ್ತಿರಲಿಲ್ಲ.

ಹಣ್ಣುಗಳ ಪಟ್ಟಿ ಇರೋದು ಇಪ್ಪತ್ತರ ಆಸುಪಾಸು. ಪಟ್ಟಿ ಮುಗಿದ ಮೇಲೂ ಕೋಡ್ ಓದ್ತಾನೇ ಹೋಗುತ್ತೆ. ಮೆಮೊರಿಯಲ್ಲಿ ಪಕ್ಕದಲ್ಲಿ ಏನೇ ಇರಲಿ, ಅದನ್ನೇ ಹಣ್ಣು ಅಂದ್ಕೊಂಡು ಬಿಡಿಸುತ್ತೆ. ಆ ಅಕ್ಷರ, ಅಂಕಿ ಎಲ್ಲಾ ಬಂದದ್ದು ಅಲ್ಲಿಂದ.

ಸರಿ, ಅರ್ಧ ಸ್ಕ್ರೀನಿಗೇ ಯಾಕೆ ನಿಲ್ಲುತ್ತೆ? ಇದು ನನಗೆ ತುಂಬಾ ಇಷ್ಟವಾದ ಭಾಗ. ಸ್ಕ್ರೀನಿನ ಮೆಮೊರಿಯಲ್ಲಿ ಮೊದಲು ಬರೋದು ಹಣ್ಣಿರೋ ಕೆಳಗಿನ ಪಟ್ಟಿ. ಅದಾದಮೇಲೆ ಆಟದ ಅಂಗಳ, ಬಲಗಡೆಯಿಂದ ಒಂದೊಂದೇ ಕಂಬಸಾಲು. ಅಂಗಳಕ್ಕೆ ಒಟ್ಟು 28 ಕಂಬಸಾಲು, ಒಂದೊಂದರಲ್ಲಿ 32 ಚೌಕ. ಪ್ರತಿ ಹಣ್ಣಿಗೂ ಕೋಡ್ ಎರಡು ಚೌಕ ಮುಂದೆ ಹೋಗುತ್ತೆ. 256 ಹಣ್ಣು ಅಂದ್ರೆ 512 ಚೌಕ. ಅದರಲ್ಲಿ ಕೆಳಗಿನ ಪಟ್ಟಿಯಲ್ಲಿ ಕಳೆಯೋದು 60. ಉಳಿದ 452ನ್ನು 32ರಿಂದ ಭಾಗಿಸಿ: 14 ಚಿಲ್ಲರೆ. 28ರ ಅರ್ಧ!

ಈಗ ಆ ಹುಡುಗನ ಸ್ಕೋರ್‌ಗೆ ಬರೋಣ. ಲೆವೆಲ್ ಮುಗಿಯೋಕೆ ಆಟ ಗೋಡೆ ನೋಡಲ್ಲ, ಭೂತ ನೋಡಲ್ಲ, ತಿಂದ ಚುಕ್ಕೆ ಎಣಿಸುತ್ತೆ. ಎಣಿಕೆ 244 ಆಗಬೇಕು, ದೊಡ್ಡ ಚುಕ್ಕೆ ನಾಲ್ಕೂ ಸೇರಿ. ಒಡೆದ ಲೆವೆಲ್‌ನಲ್ಲಿ ಎಡಗಡೆ ಉಳಿದಿರೋದು 114. ಬಲಗಡೆಯ ಕಸದೊಳಗೆ 9 ಚುಕ್ಕೆ ಅಡಗಿವೆ, ಕೆಲವು ಕಣ್ಣಿಗೂ ಕಾಣಲ್ಲ. ವಿಚಿತ್ರ ಏನಂದ್ರೆ ಒಂದು ಲೈಫ್ ಹೋದರೆ ಆ ಒಂಬತ್ತೂ ಮತ್ತೆ ಹುಟ್ತವೆ. ಎಡಗಡೆಯವು ತಿಂದರೆ ಹೋದವು.

ಹಾಗಾದ್ರೆ ಬೇಕಂತಲೇ ಸಾಯ್ತಾ ಹೋದರೆ? ಯಂತ್ರದಲ್ಲಿ ಹೆಚ್ಚೆಂದರೆ ಐದು ಲೈಫ್ ಇಡಬಹುದು, ಬೋನಸ್ ಒಂದು ಸೇರಿ ಆರು. ಆರು ಸಲ ಒಂಬತ್ತು ಅಂದ್ರೆ 54. 114ಕ್ಕೆ 54 ಸೇರಿಸಿದರೆ 168. ಬೇಕಿರೋದು 244. ಇನ್ನೂ 76 ಚುಕ್ಕೆ ಎಲ್ಲಿಂದ ತರ್ತೀರಿ? ಅವು ಮೆಮೊರಿಯಲ್ಲೇ ಇಲ್ಲ, ಅವುಗಳ ಮೇಲೆ ಕಸ ಬರೆದಾಗಿದೆ. ಅದಕ್ಕೇ ಮೂಲ ಯಂತ್ರದಲ್ಲಿ ಸಾಧ್ಯವಿರೋ ಅತಿ ಹೆಚ್ಚು ಸ್ಕೋರ್ 33,33,360. 61 ಲಕ್ಷ ಆ ಯಂತ್ರದಲ್ಲಿ ಸರಿಯಾಗಿ ಆಡಿ ಬರೋ ಸ್ಕೋರ್ ಅಲ್ಲ. ಎಂಟು ವರ್ಷದ ಮಗುವನ್ನು ಬೈಯೋಕೆ ನನಗೆ ಇಷ್ಟ ಇಲ್ಲ. ಪತ್ರ ಬರೆಯೋ ಮೊದಲು ದೊಡ್ಡವರು ಒಂದು ಸಲ ಆ ಲೆವೆಲ್ ದಾಟಿ ತೋರಿಸು ಅಂತ ಕೇಳಬಹುದಿತ್ತು.

ಹೋಗೋ ಮುಂಚೆ ಇನ್ನೊಂದು. ಇದೇ ಒಂದು ಬೈಟ್ ನಿಂಟೆಂಡೋದ ಡಾಂಕಿ ಕಾಂಗ್‌ನಲ್ಲಿ ಬೇರೆ ಥರ ಕಾಟ ಕೊಡುತ್ತೆ. ಅದು 1981ರ ಆಟ. ಅಲ್ಲಿ ಟೈಮರ್ ಲೆಕ್ಕ ಹೀಗೆ: ಲೆವೆಲ್ ನಂಬರನ್ನು ಹತ್ತರಿಂದ ಗುಣಿಸಿ 40 ಸೇರಿಸು, 80 ದಾಟಿದರೆ 80ಕ್ಕೇ ನಿಲ್ಲಿಸು. 21ನೇ ಲೆವೆಲ್‌ಗೆ 250 ಬರುತ್ತೆ, 80ಕ್ಕೆ ಇಳಿಯುತ್ತೆ, ಸರಿ. 22ನೇದಕ್ಕೆ 260 ಬರಬೇಕು, ಬೈಟ್‌ನಲ್ಲಿ ಹಿಡಿಸಲ್ಲ, 256 ಕಳೆದುಹೋಗಿ 4 ಉಳಿಯುತ್ತೆ. ನಾಲ್ಕು 80ಕ್ಕಿಂತ ಕಡಿಮೆ ತಾನೇ, ಹಾಗಾಗಿ ಯಾರೂ ತಡೆಯಲ್ಲ. 8000ದಿಂದ ಶುರುವಾಗಬೇಕಿದ್ದ ಬೋನಸ್ ಟೈಮರ್ 400ರಿಂದ ಶುರುವಾಗುತ್ತೆ. ಸ್ಕ್ರೀನ್ ಚೆನ್ನಾಗೇ ಇರುತ್ತೆ, ಒಂದು ಚುಕ್ಕೆಯೂ ಅಲ್ಲಾಡಿರಲ್ಲ. ಪೀಪಾಯಿ ತಾಗಲ್ಲ, ಬೆಂಕಿ ಮುಟ್ಟಲ್ಲ. ನೀವು ಏಣಿ ಹತ್ತುತ್ತಾ ಇರ್ತೀರಿ, ಕೆಲವೇ ಸೆಕೆಂಡಿನಲ್ಲಿ ಟೈಮ್ ಮುಗಿದು ಮಾರಿಯೋ ಬಿದ್ದು ಹೋಗ್ತಾನೆ. ಮತ್ತೆ ಶುರು, ಮತ್ತೆ ಅದೇ 400, ಲೈಫ್‌ಗಳು ಖಾಲಿಯಾಗೋವರೆಗೂ.

ಮುಂದಿನ ವಾರ ಸಿಗೋಣ.