ಮಲ್ಲೇಶ್ವರದಿಂದ ಜಯನಗರಕ್ಕೆ

ಬೆಂಗಳೂರಿನೊಳಗೇ ಮನೆ ಬದಲಾಯಿಸುವವರಲ್ಲಿ ಒಂದು ಉದಾಸೀನವುಂಟು: 10 ಕಿಲೋಮೀಟರು ದೂರ ತಾನೆ, ಹೇಗೋ ಸಾಗಿಸಿದರಾಯಿತು ಎಂದು. ಪಿಂಗಾಣಿಗೆ ಈ ಸಮಾಧಾನ ತಿಳಿಯದು. ರಸ್ತೆಯ ಒಂದು ಉಬ್ಬು ಸಾಕು ಅದಕ್ಕೆ.

ನನ್ನ ಸ್ನೇಹಿತರೊಬ್ಬರು ಮಲ್ಲೇಶ್ವರದ ಹಳೆಯ ಬಾಡಿಗೆ ಮನೆಯಿಂದ ಜಯನಗರಕ್ಕೆ ಹೋದರು. ಪೆಟ್ಟಿಗೆಗಳ ಮೇಲೆಲ್ಲ ಅಚ್ಚುಕಟ್ಟಾಗಿ ಚೀಟಿ ಅಂಟಿಸಿದ್ದರು. ಆರರ ಮೇಲೆ ‘ಉಗ್ರಾಣ’ ಎಂದಿತ್ತು. ಹೊಸ ಮನೆಯಲ್ಲಿ ಉಗ್ರಾಣವೇ ಇರಲಿಲ್ಲ! ಆಳುಗಳು ಆ ಆರನ್ನೂ ನಡುಮನೆಯಲ್ಲಿ ಒಂದರ ಮೇಲೊಂದು ಪೇರಿಸಿ ಹೋದರು. ಚೀಟಿ ಹೇಳಬೇಕಾದುದು ಸಾಮಾನು ಬಂದ ಕೋಣೆಯನ್ನಲ್ಲ, ಸೇರಬೇಕಾದ ಕೋಣೆಯನ್ನು. ಅವರ ಚೀಟಿಗಳು ಪೆಟ್ಟಿಗೆಯ ನೆತ್ತಿಯ ಮೇಲಿದ್ದುದರಿಂದ, ಪೇರಿಸಿದ ಮೇಲೆ ಒಂದೂ ಕಾಣದಾಯಿತು. ಪಕ್ಕದಲ್ಲಿ ಬರೆದು, ಸಂಖ್ಯೆ ಹಾಕಿ, ಒಳಗಿನ ವಸ್ತುಗಳನ್ನು ಒಂದು ಪುಸ್ತಕದಲ್ಲಿ ಗುರುತಿಸಿಟ್ಟರೆ ಈ ತೊಡಕಿಲ್ಲ.

ಅವರ ಮನೆಯವರು ಪಿಂಗಾಣಿ ತಟ್ಟೆಗಳನ್ನು ಕಟ್ಟಿದ ರೀತಿ ಮಾತ್ರ ಮೆಚ್ಚತಕ್ಕದ್ದು. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನದರ ನಡುಭಾಗದ ಮೇಲೆ ಬಿದ್ದು ಬಿರುಕು ಬಿಡುತ್ತದೆ. ಆಕೆ ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ, ಸಂದುಗಳಿಗೆ ಮುದುಡಿದ ಕಾಗದ ತುರುಕಿದ್ದರು. ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಮೆಲ್ಲನೆ ಅಲುಗಿಸುವುದು ಅವರ ಪರೀಕ್ಷೆ. ಒಳಗೆ ಏನಾದರೂ ಸದ್ದಾದರೆ ಮತ್ತೆ ಬಿಚ್ಚುವುದು. ಅತ್ತೆಯವರ ಕಾಲದ ಉಪ್ಪಿನಕಾಯಿ ಜಾಡಿಯನ್ನು ಬರಿದುಮಾಡಿ, ಮುಚ್ಚಳವನ್ನು ಬೇರೆಯಾಗಿ ಸುತ್ತಿ, ಲಾರಿಗೆ ಕೊಡದೆ ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡು ಹೋದರು.

ಇನ್ನು ಸಂಪರ್ಕಗಳ ಮಾತು. ಕೆಲವು ಮನುಷ್ಯನ ಹಿಂದೆ ಬರುತ್ತವೆ, ಕೆಲವು ಮನೆಯಲ್ಲೇ ಉಳಿಯುತ್ತವೆ. ವಿದ್ಯುತ್ತು ಎರಡನೆಯ ಜಾತಿಯದು. ಅದರ ಆರ್.ಆರ್. ಸಂಖ್ಯೆ ಆ ಕಟ್ಟಡದ್ದು. ಬಾಡಿಗೆದಾರ ಅದನ್ನು ಹೊತ್ತೊಯ್ಯಲಾರ. ಆದಕಾರಣ ಬಿಡುವ ದಿನ ಹಳೆಯ ಮನೆಯ ಮೀಟರನ್ನೂ, ಸೇರುವ ದಿನ ಹೊಸ ಮನೆಯ ಮೀಟರನ್ನೂ ಮನೆಯೊಡೆಯನ ಎದುರಿನಲ್ಲೇ ಓದಿ ಬರೆದುಕೊಳ್ಳಬೇಕು. ಹೊಸ ಮನೆಯ ಹಿಂದಿನ ಬಿಲ್ಲು ಪಾವತಿಯಾಗಿದೆಯೇ ಎಂದೂ ನೋಡಬೇಕು. ಬಾಕಿಯಿದ್ದರೆ, ಸಂಪರ್ಕ ಕಡಿಯಲು ಬಂದವನು ನಿಲ್ಲುವುದು ಈಗ ವಾಸಿಸುವವನ ಬಾಗಿಲಲ್ಲಿ.

ಅಡುಗೆ ಅನಿಲ ಮೊದಲನೆಯ ಜಾತಿಯದು. ಕಂಪನಿ ಅದೇ ಇದ್ದು ವಿತರಕ ಮಾತ್ರ ಬದಲಾದರೆ, ಹಳೆಯ ವಿತರಕನಿಂದ ವರ್ಗಾವಣೆ ಪತ್ರ ಪಡೆದು, ಸಂಪರ್ಕ ಪಡೆದಾಗ ಕೊಟ್ಟ ವೋಚರಿನೊಡನೆ ಹೊಸಬನಿಗೆ ಒಪ್ಪಿಸಬೇಕು. ಪತ್ರದ ಅವಧಿ 3 ತಿಂಗಳು. ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಿಂದಿರುಗಿಸುವುದು ಬೇರೆ ಊರಿಗೆ ಹೋಗುವವರು. ಒಂದೇ ನಗರದೊಳಗೆ ಅವು ನಮ್ಮೊಡನೆಯೇ ಬರುತ್ತವೆ. ಸಾಗಿಸುವಾಗ ರೆಗ್ಯುಲೇಟರು ಕಳಚಿ, ಸುರಕ್ಷಾ ಮುಚ್ಚಳ ಬಿಗಿದು, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು.

ನನ್ನ ಸ್ನೇಹಿತರ ಒಲೆ, ಹಾಲಿನ ಪಾತ್ರೆ, ಬೆಂಕಿಪೊಟ್ಟಣಗಳಿದ್ದ ಪೆಟ್ಟಿಗೆ ಲಾರಿಗೆ ಕೊನೆಯದಾಗಿ ಏರಿತು. ಆದುದರಿಂದ ಮೊದಲು ಇಳಿಯಿತು. ಆರು ಪೆಟ್ಟಿಗೆಗಳು ನಡುಮನೆಯಲ್ಲಿ ದಿಕ್ಕಿಲ್ಲದೆ ನಿಂತಿರುವಾಗಲೇ ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿತು.