ಈ ‘ವಹ್’ ಯಾರು?



ದೋಹಾದಲ್ಲಿ ರೂಮು ಹಂಚಿಕೊಳ್ಳುವಾಗ ಕೊಡೋರು ಒಂದು ಭಾಷೆಯವರು, ತಗೊಳ್ಳೋ ನಾವು ಇನ್ನೊಂದು ಭಾಷೆಯವರು. ಹಾಗಾಗಿ ಎಷ್ಟೋ ಕಡೆ ಕರಾರು ಚೀಟಿ ಹಿಂದಿಯಲ್ಲೇ ಇರುತ್ತೆ. ನಮ್ಮೂರ ಕಡೆಯ ಹುಡುಗನೊಬ್ಬ ಸಹಿ ಹಾಕುವ ಮೊದಲು ಅಂಥದ್ದೊಂದನ್ನು ನನಗೆ ತಂದು ತೋರಿಸಿದ. ಡಿಪಾಸಿಟ್ 1,000 ರಿಯಾಲ್. ಅದರಲ್ಲಿದ್ದ ಒಂದು ಸಾಲು ಹೀಗಿತ್ತು:

“ಕಿರಾಯೇದಾರ್ ಮಾಲಿಕ್ ಕೋ ನುಕ್ಸಾನ್ ಬತಾಏಗಾ, ವಹ್ ಅಪ್ನೇ ಖರ್ಚ್ ಸೇ ಠೀಕ್ ಕರಾಏಗಾ ಔರ್ ಉಸ್ಕಾ ಪೈಸಾ ಡಿಪಾಸಿಟ್ ಸೇ ಕಾಟೇಗಾ.”

ಓದೋಕೆ ಸಲೀಸು. ಆದರೆ ‘ವಹ್’ ಅಂದ್ರೆ ಯಾರು? ಬಾಡಿಗೆಗೆ ಇರೋನು ಅಂದುಕೊಳ್ಳಿ. ಅವನು ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಬೇಕು, ಮೇಲೆ ಡಿಪಾಸಿಟ್‌ನಲ್ಲೂ ಕಡಿತ. ಅದೂ ಡಿಪಾಸಿಟ್ ಇರೋದು ಇನ್ನೊಬ್ಬರ ಕೈಯಲ್ಲಿ, ಇವನು ಹೇಗೆ ಕಡಿತಾನೆ? ಮಾಲಿಕ್ ಅಂದುಕೊಂಡರೆ, ‘ತನ್ನ ಖರ್ಚಲ್ಲಿ’ ಅಂತ ಬರೆದು ಮತ್ತೆ ನಮ್ಮ ದುಡ್ಡು ಯಾಕೆ? ‘ಅಪ್ನೇ’ ನಮ್ಮ ‘ತನ್ನ’ ಇದ್ದ ಹಾಗೆ, ಕೆಲಸ ಮಾಡೋನ ಕಡೆಗೇ ತಿರುಗುತ್ತೆ. ಮಾಡೋನೇ ಗೊತ್ತಿಲ್ಲ ಅಂದ್ರೆ ಅದರಿಂದ ಉಪಯೋಗವಿಲ್ಲ. ‘ಉಸ್ಕಾ’ ಇನ್ನೂ ಮೋಸದ್ದು. ಅದು ‘ಪೈಸಾ’ಕ್ಕೆ ಹೊಂದಿಕೊಂಡು ‘ಕಾ’ ಆಗಿದೆ, ಮನುಷ್ಯನಿಗಲ್ಲ. ‘ಅವನ ದುಡ್ಡು’ ಅಂತಲೂ ಆಗುತ್ತೆ, ‘ರಿಪೇರಿಯ ದುಡ್ಡು’ ಅಂತಲೂ ಆಗುತ್ತೆ. ಕನ್ನಡದ ಅವನು, ಅವಳು, ಅದು, ಮೂರಕ್ಕೂ ಹಿಂದಿಯಲ್ಲಿ ಒಂದೇ ‘ವಹ್’ ನೋಡಿ.

ಇನ್ನು ಹೆಸರುಗಳು. ಮೇಲೆ ‘ಪ್ರಥಮ್ ಪಕ್ಷ್’, ನಡುವೆ ‘ಮಾಲಿಕ್’, ಸಹಿಯ ಜಾಗದಲ್ಲಿ ‘ಕಂಪನಿ’. ಇವು ಒಬ್ಬರೋ ಮೂವರೋ? ಇಲ್ಲಿ ಈ ಪ್ರಶ್ನೆ ದೊಡ್ಡದು. ಕಟ್ಟಡದ ಯಜಮಾನ ಬೇರೆ, ಅವನಿಂದ ಫ್ಲಾಟ್ ಹಿಡಿದವನು ಬೇರೆ, ನಮ್ಮಿಂದ ದುಡ್ಡು ಎಣಿಸಿಕೊಳ್ಳೋನು ಇನ್ನೊಬ್ಬ ಇರಬಹುದು. ಡಿಪಾಸಿಟ್ ವಾಪಸ್ ಕೇಳೋ ದಿನ ‘ನಾನು ಮಾಲಿಕ್ ಅಲ್ಲಪ್ಪ’ ಅನ್ನೋಕೆ ದಾರಿ ಇದೇ. ಹುಡುಗನ ಹೆಸರೂ ಅಷ್ಟೇ: ಚೀಟಿಯಲ್ಲಿ ಕರೆಯೋ ಹೆಸರು, ಕತಾರ್ ಐಡಿಯಲ್ಲಿ ಅಪ್ಪನ ಹೆಸರು ಸೇರಿದ ಉದ್ದ ಹೆಸರು.

ನಾವು ಮಾಡಿದ್ದು ಇಷ್ಟೇ. ‘ವಹ್’, ‘ಉಸ್ಕಾ’, ‘ಉಸೇ’ ಇದ್ದಲ್ಲೆಲ್ಲ ಸುತ್ತು ಹಾಕಿ ‘ಯಾರು?’ ಅಂತ ಕೇಳಿದೆವು. ಎರಡು ಉತ್ತರ ಬಂದ ಕಡೆ ಸರ್ವನಾಮ ತೆಗೆದೆವು. ಮೇಲ್ಗಡೆ ಇಬ್ಬರ ಐಡಿ ಹೆಸರು, ನಂಬರ್ ಬರೆದು, ಮುಂದಕ್ಕೆ ‘ದೇನೇವಾಲಾ’, ‘ಲೇನೇವಾಲಾ’ ಎರಡೇ ಪದ ಇಟ್ಟೆವು. ಸಾಲು ಹೀಗಾಯ್ತು:

“ನುಕ್ಸಾನ್ ಲೇನೇವಾಲೇ ಸೇ ಹುವಾ ಹೋ, ತೋ ದೇನೇವಾಲಾ ಮರಮ್ಮತ್ ಕರಾಏಗಾ ಔರ್ ಬಿಲ್ ದಿಖಾಕರ್ ಮರಮ್ಮತ್ ಕಾ ಖರ್ಚ್ ಲೇನೇವಾಲೇ ಕೇ ಡಿಪಾಸಿಟ್ ಸೇ ಕಾಟೇಗಾ.”

‘ಮರಮ್ಮತ್’ ಪದ ಎರಡು ಸಲ ಬಂದರೂ ಪರವಾಗಿಲ್ಲ, ಕರಾರಲ್ಲಿ ಚಂದ ಬೇಕಾಗಿಲ್ಲ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಕತಾರ್‌ನ 2008ರ 4ನೇ ಬಾಡಿಗೆ ಕಾನೂನಿನಂತೆ, ಬಾಡಿಗೆಗೆ ಹಿಡಿದವನು ಯಜಮಾನನ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಬಾಡಿಗೆ ಕೊಡುವಂತಿಲ್ಲ. ಆ ಒಪ್ಪಿಗೆ ಪತ್ರ ಇಲ್ಲದಿದ್ದರೆ ನಮ್ಮ ‘ವಹ್’ ಎಷ್ಟೇ ಸರಿಯಾದರೂ ಪ್ರಯೋಜನ ಕಮ್ಮಿ. ಹುಡುಗನಿಗೆ ಅದನ್ನೇ ಮೊದಲು ಕೇಳೋಕೆ ಹೇಳಿ ಕಳಿಸಿದೆ.