ಯತಿ ಇದ್ದಲ್ಲಿ ಸಾಲು ಮುರಿಯೋಣ



ಪ್ರವಚನದ ವಿಡಿಯೊದಲ್ಲಿ ಸಂಸ್ಕೃತ ಶ್ಲೋಕ ಬಂದ ಕೂಡಲೇ ನೋಡುಗರ ಕಣ್ಣು ಪರದೆಯ ಕೆಳಗಿನ ಅಡಿಬರಹಕ್ಕೆ ಇಳಿಯುತ್ತದೆ. ಹಾಡುವವರ ಜೊತೆಗೆ ತಾವೂ ಓದಿಕೊಳ್ಳಬೇಕೆಂಬುದು ಅವರ ಆಸೆ. ಆ ಓದು ಎರಡು ಕಡೆ ಎಡವುತ್ತದೆ: ಅಕ್ಷರದಲ್ಲಿ ಮತ್ತು ಸಾಲು ಮುರಿಯುವಲ್ಲಿ. ಎರಡನ್ನೂ ತಿದ್ದುವ ಅಳತೆಗೋಲು ಛಂದಸ್ಸೇ ಎಂಬುದು ನನ್ನ ಇಂದಿನ ಮಾತು.

ಮೊದಲು ಅಕ್ಷರ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ, ಕನ್ನಡದಲ್ಲಿವೆ. ರೋಮನ್ ಲಿಪಿಯ ಐಎಎಸ್‌ಟಿ ಪದ್ಧತಿ ಏಕಾರವನ್ನು ಬರಿಯ e ಎಂದೇ ಬರೆಯುತ್ತದೆ. ಐಎಸ್‌ಒ 15919 ಪದ್ಧತಿಯಲ್ಲಿ ಅದೇ e ಹ್ರಸ್ವ, ದೀರ್ಘಕ್ಕೆ ē. ಒಂದು ಪದ್ಧತಿಯ ಪಠ್ಯವನ್ನು ಇನ್ನೊಂದರದೆಂದು ತಿಳಿದು ಕನ್ನಡಕ್ಕೆ ತಿರುಗಿಸಿದರೆ 'ದೇವೋ' ಎಂಬುದು 'ದೆವೊ' ಆಗುತ್ತದೆ. ಎರಡು ಗುರುಗಳಿದ್ದ ಕಡೆ ಎರಡು ಲಘುಗಳು ಬಂದು, ಓದುವವರ ನಾಲಗೆ ಹಾಡಿಗಿಂತ ಮುಂದೆ ಓಡುತ್ತದೆ. ಇದನ್ನು ಹಿಡಿಯುವುದು ಸುಲಭ: ಶ್ಲೋಕದ ಸಾಲುಗಳಲ್ಲಿ ಹ್ರಸ್ವ ಎ, ಒ ಸ್ವರಗಳನ್ನೂ ಅವುಗಳ ಗುಣಿತವನ್ನೂ ಹುಡುಕಿ. ಸಿಕ್ಕಿದ್ದೆಲ್ಲ ತಪ್ಪೇ. ವಿಸರ್ಗದ ಜಾಗದಲ್ಲಿ ಕೋಲನ್, ಅವಗ್ರಹದ ಜಾಗದಲ್ಲಿ ಇಂಗ್ಲಿಷಿನ S ಕುಳಿತಿದ್ದರೆ ಅವೂ ಹೀಗೇ ಸಿಗುತ್ತವೆ.

ಇನ್ನು ಸಾಲು. 'ಮೇಘದೂತ'ದ ಮಂದಾಕ್ರಾಂತವನ್ನು ನೋಡೋಣ. ಪಾದಕ್ಕೆ 17 ಅಕ್ಷರ; ಯತಿ 4, 6, 7ಕ್ಕೆ. ಮೊದಲು ನಾಲ್ಕು ಗುರು, ಆಮೇಲೆ ಐದು ಲಘು ಮತ್ತು ಒಂದು ಗುರು, ಕೊನೆಗೆ ಏಳು ಅಕ್ಷರ. ಫೋನಿನ ಪರದೆಯಲ್ಲಿ ಇಡೀ ಪಾದ ಒಂದೇ ಸಾಲಿಗೆ ಹಿಡಿಸುವುದು ಕಷ್ಟ. ಅಗಲ ನೋಡಿ ತಂತ್ರಾಂಶ ತಾನೇ ಕತ್ತರಿಸಿದರೆ ಆ ಐದು ಲಘುಗಳ ನಡುವೆಯೇ ಕತ್ತರಿ ಬೀಳಬಹುದು. ಹಾಡುವವರು ಅಲ್ಲಿ ಉಸಿರು ನಿಲ್ಲಿಸುವುದಿಲ್ಲ, ಕಣ್ಣು ಮಾತ್ರ ನಿಲ್ಲುತ್ತದೆ. ಎರಡನೆಯ ಯತಿಯಲ್ಲಿ ಮುರಿದರೆ 10 ಮತ್ತು 7 ಅಕ್ಷರದ ಎರಡು ಸಾಲು ಸಿಗುತ್ತವೆ. ಪಾದಕ್ಕೊಂದು ಪರದೆ, ಶ್ಲೋಕಕ್ಕೆ ನಾಲ್ಕು. ಯತಿ ಸಮಾಸದ ಒಳಗೆ ಬಿದ್ದರೆ ಸಾಲಿನ ಕೊನೆಗೆ ಒಂದು ಅಡ್ಡಗೆರೆ ಸಾಕು, ಪದ ಮುಂದುವರಿಯುತ್ತದೆಂದು ತಿಳಿಯುತ್ತದೆ.

ಓದಲು ಸುಲಭವಾಗಲೆಂದು ಸಂಧಿ ಬಿಡಿಸುವ ಆಸೆಯೂ ಆಗುತ್ತದೆ. 'ಫಲಮಸ್ತಿ' ಎಂಬಲ್ಲಿ 'ಲ' ಲಘು. 'ಫಲಮ್ ಅಸ್ತಿ' ಎಂದು ಬಿಡಿಸಿದರೆ ಅದು ಗುರುವಾಗಿ ಛಂದಸ್ಸು ಕೆಡುತ್ತದೆ. ಪದಚ್ಛೇದ ಅರ್ಥದ ಜೊತೆಗಿರಲಿ; ಶ್ಲೋಕ ಹಾಡಿದಂತೆಯೇ ಕಾಣಲಿ.

ಈ ಸಂಕಿರಣ ಮುಗಿಯುವುದರೊಳಗೆ ಅನುಷ್ಟುಪ್, ಮಂದಾಕ್ರಾಂತ, ಶಾರ್ದೂಲವಿಕ್ರೀಡಿತ ಈ ಮೂರಕ್ಕಾದರೂ ಸಾಲು ಮುರಿಯುವ ನಿಯಮವನ್ನು ಒಟ್ಟಾಗಿ ಬರೆದಿಡೋಣ. ಅಡಿಬರಹ ಹೊರಬೀಳುವ ಮೊದಲು ಸಂಸ್ಕೃತ ಬಾರದ ಒಬ್ಬರಿಂದ ಹಾಡಿನ ಜೊತೆಗೆ ಅದನ್ನು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಜಾಗವೇ ನಾವು ತಿದ್ದಬೇಕಾದ ಜಾಗ.